ಮಣ್ಣಲ್ಲಿ ರಂಜಕ ಇದ್ದರೂ ಪೈರು ಹಸಿದಿರುವುದೇಕೆ?

ಈಚಿನ ವರ್ಷಗಳಲ್ಲಿ ಬಿತ್ತನೆ ಕಾಲ ಬಂತೆಂದರೆ ರಂಜಕದ ಗೊಬ್ಬರ ಡಿಎಪಿ ಸಿಗುತ್ತಿಲ್ಲ ಎಂಬ ಸುದ್ದಿ ಶುರುವಾಗುತ್ತದೆ. ನಮ್ಮ ದೇಶಕ್ಕೆ ಬೇಕಾದ ಡಿಎಪಿಯಲ್ಲಿ ದೊಡ್ಡ ಪಾಲು ಹೊರಗಿಂದ ಬರುತ್ತದೆ. ಇಲ್ಲೇ ತಯಾರಾಗುವ ಡಿಎಪಿಗೂ ಶಿಲಾರಂಜಕ ಬಹುತೇಕ ಆಮದಾಗಬೇಕು. ಚೀನಾ ರಫ್ತು ಬಿಗಿ ಮಾಡಿದರೆ ಸಾಕು, ನಮ್ಮ ಸೊಸೈಟಿಗಳ ಮುಂದೆ ರೈತರ ಸಾಲು ಉದ್ದವಾಗುತ್ತದೆ.

ಹೀಗೆ ಕಷ್ಟಪಟ್ಟು ತಂದ 50 ಕೆಜಿ ಚೀಲದಲ್ಲಿ ಇರುವುದೆಷ್ಟು? ಚೀಲದ ಮೇಲೆ ರಂಜಕ 46 ಪ್ರತಿಶತ ಎಂದು ಬರೆದಿರುತ್ತದೆ. ಅದು ಆಮ್ಲಜನಕವನ್ನೂ ಸೇರಿಸಿದ ಆಕ್ಸೈಡ್ ಲೆಕ್ಕ. ನಿಜವಾದ ರಂಜಕ ಸುಮಾರು 10 ಕೆಜಿ. ಅದರಲ್ಲಿ ಆ ವರ್ಷದ ಬೆಳೆ ಎತ್ತಿಕೊಳ್ಳುವುದು ಸಾಮಾನ್ಯವಾಗಿ ಎರಡು ಕೆಜಿ ಆಸುಪಾಸು, ಕೆಲವು ಸಲ ಅದಕ್ಕೂ ಕಡಿಮೆ. ಮಿಕ್ಕಿದ್ದು ಎಲ್ಲಿಗೂ ಓಡಿಹೋಗುವುದಿಲ್ಲ. ನಮ್ಮ ಕೆಂಪು ಮಣ್ಣಲ್ಲಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣಲ್ಲಿ ಕಬ್ಬಿಣ ಮತ್ತು ಅಲ್ಯುಮಿನಿಯಂ ಜಾಸ್ತಿ. ರಂಜಕ ಹೋಗಿ ಅವುಗಳಿಗೆ ಅಂಟಿಕೊಳ್ಳುತ್ತದೆ. ಎರೆ ಮಣ್ಣಲ್ಲಿ ಸುಣ್ಣದ ಅಂಶ ಅದೇ ಕೆಲಸ ಮಾಡುತ್ತದೆ. ಹತ್ತಾರು ವರ್ಷ ಗೊಬ್ಬರ ಹಾಕಿದ ಹೊಲದಲ್ಲಿ ಒಳ್ಳೆಯ ದಾಸ್ತಾನೇ ಇರುತ್ತದೆ. ಆದರೂ ಪೈರು ಸೊರಗುತ್ತದೆ.

ಗೊಬ್ಬರ ಸಿಗದ ಈ ಹೊತ್ತಲ್ಲಿ ಮೈಕೋರೈಜಾ ಪುಡಿಯ ಮಾರಾಟ ಜೋರಾಗಿದೆ. ಹಳಬರು ಇದನ್ನು ವ್ಯಾಮ್ ಎಂದೇ ಕರೆಯುತ್ತಾರೆ. ಇದೊಂದು ಶಿಲೀಂಧ್ರ. ಬೇರಿನೊಳಗೆ ಮನೆ ಮಾಡಿಕೊಂಡು, ಹೊರಗೆ ಮಣ್ಣಲ್ಲಿ ಎಳೆ ಹರಡಿ, ಗಿಡಕ್ಕೆ ರಂಜಕ ತಂದುಕೊಡುತ್ತದೆ. ಇದು ನಿಜವಾಗಿಯೂ ಕೆಲಸ ಮಾಡುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದು ಮಾಡುವ ಕೆಲಸ ಯಾವುದು, ಮಾಡದ ಕೆಲಸ ಯಾವುದು ಎಂದು ಗೊತ್ತಿಲ್ಲದೆ ಪುಡಿ ಎರಚಿದರೆ ದುಡ್ಡು ಹೋಗುತ್ತದೆ.

ರಂಜಕದ ಮುಖ್ಯ ತೊಂದರೆ ಅದರ ನಡಿಗೆ. ಬೇರಿನ ಸುತ್ತಲಿನ ನೀರಲ್ಲಿ ಕರಗಿರುವ ರಂಜಕ ತೀರಾ ಅತ್ಯಲ್ಪ. ಬೇರು ಅದನ್ನು ಹೀರಿದ ಮೇಲೆ ಪಕ್ಕದಿಂದ ಇನ್ನಷ್ಟು ಸರಿದು ಬರಬೇಕು. ಮಣ್ಣಲ್ಲಿ ನೈಟ್ರೇಟ್ ದಿನಕ್ಕೆ ಸುಮಾರು 3 ಮಿಲಿಮೀಟರ್ ಸರಿಯುತ್ತದೆ. ರಂಜಕ ಸರಿಯುವುದು 0.13 ಮಿಲಿಮೀಟರ್ ಅಷ್ಟೇ. ಮಣ್ಣು ಒಣಗಿದರೆ ಅದೂ ಇಲ್ಲ. ಹಾಗಾಗಿ ಬೇರಿನ ಸುತ್ತ ಒಂದೆರಡು ಮಿಲಿಮೀಟರ್ ದಪ್ಪದ ಖಾಲಿ ಜಾಗ ಉಂಟಾಗುತ್ತದೆ. ಅದರಾಚೆ ರಂಜಕ ಇದೆ, ಈಚೆ ಬೇರು ಕಾಯುತ್ತಿದೆ.

ಈ ಖಾಲಿ ಜಾಗ ದಾಟಲು ಗಿಡಕ್ಕೆ ಎರಡು ದಾರಿ. ಹೊಸ ಬೇರು ಬಿಡಬೇಕು, ಇಲ್ಲವೇ ಶಿಲೀಂಧ್ರದ ಎಳೆಯನ್ನು ಕಳಿಸಬೇಕು. ಸಣ್ಣ ಬೇರೊಂದರ ದಪ್ಪ 0.3 ಮಿಲಿಮೀಟರ್ ಎಂದುಕೊಳ್ಳಿ. ಶಿಲೀಂಧ್ರದ ಎಳೆ ಅದರ ನೂರರಲ್ಲೊಂದು ದಪ್ಪ. ದಪ್ಪ ನೂರು ಪಟ್ಟು ಕಡಿಮೆಯಾದರೆ ಅಷ್ಟೇ ಸಾಮಗ್ರಿಯಲ್ಲಿ ಹತ್ತು ಸಾವಿರ ಪಟ್ಟು ಉದ್ದ ಬೆಳೆಯಬಹುದು. ಒಂದು ಸೆಂಟಿಮೀಟರ್ ಬೇರಿನ ಖರ್ಚಲ್ಲಿ ನೂರು ಮೀಟರ್ ಎಳೆ! ಬೇರು ನುಗ್ಗದ ಸಂದಿಗಳಲ್ಲೂ ಅದು ನುಗ್ಗುತ್ತದೆ. ಬೇರಿನಿಂದ ಹಲವು ಸೆಂಟಿಮೀಟರ್ ದೂರ ಹೋಗುತ್ತದೆ. ಚೆನ್ನಾಗಿ ಶಿಲೀಂಧ್ರ ಹಿಡಿದ ಹೊಲದಲ್ಲಿ ಒಂದು ಗ್ರಾಂ ಮಣ್ಣಲ್ಲಿ ಹಲವಾರು ಮೀಟರ್ ಎಳೆ ಇರುತ್ತದೆ. ಒಂದು ಚಿಟಿಕೆ ಮಣ್ಣಿನ ಮಾತು ಇದು.

ಎಳೆಯ ತುದಿಯಲ್ಲಿ ಹೀರಿದ ರಂಜಕವನ್ನು ಶಿಲೀಂಧ್ರ ಸರಪಳಿಯಂತೆ ಜೋಡಿಸಿಕೊಂಡು ಒಳಗೆ ಸಾಗಿಸುತ್ತದೆ. ಈ ಸರಪಳಿಗೆ ಪಾಲಿಫಾಸ್ಫೇಟ್ ಎಂದು ಹೆಸರು. ಎಳೆಯೊಳಗೆ ಇದು ಮಣ್ಣಿನಲ್ಲಿ ಸರಿಯುವುದಕ್ಕಿಂತ ಎಷ್ಟೋ ಪಟ್ಟು ಬೇಗ ಸಾಗುತ್ತದೆ. ಬೇರಿನ ಜೀವಕೋಶದೊಳಗೆ ಶಿಲೀಂಧ್ರ ಪುಟ್ಟ ಮರದಂತೆ ಕವಲೊಡೆದಿರುತ್ತದೆ. ಅದು ಅರ್ಬಸ್ಕ್ಯೂಲ್. ಕೊಡು-ಕೊಳ್ಳು ನಡೆಯುವುದು ಅಲ್ಲಿ. ಶಿಲೀಂಧ್ರ ರಂಜಕ ಇಳಿಸುತ್ತದೆ, ಗಿಡ ಸಕ್ಕರೆ ಮತ್ತು ಕೊಬ್ಬು ಕೊಡುತ್ತದೆ. ಕೊಬ್ಬಿನ ವಿಷಯ ಖಚಿತವಾಗಿದ್ದು 2017ರಲ್ಲಿ. ಈ ಶಿಲೀಂಧ್ರಕ್ಕೆ ತನಗೆ ಬೇಕಾದ ಕೊಬ್ಬನ್ನು ಮೊದಲಿನಿಂದ ತಯಾರಿಸಿಕೊಳ್ಳಲು ಬರುವುದಿಲ್ಲ. ಜೀವಂತ ಬೇರು ಇಲ್ಲದೆ ಅದು ಬದುಕಲಾರದು. ಇದೊಂದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಅರ್ಧ ಕಥೆ ಇದರ ಮೇಲೇ ನಿಂತಿದೆ.

ಗಿಡಕ್ಕೂ ಇದು ಪುಕ್ಕಟೆ ಅಲ್ಲ. ಎಲೆಯಲ್ಲಿ ತಯಾರಾದ ಆಹಾರದಲ್ಲಿ ನೂರಕ್ಕೆ ನಾಲ್ಕರಿಂದ ಇಪ್ಪತ್ತು ಭಾಗದವರೆಗೆ ಶಿಲೀಂಧ್ರಕ್ಕೆ ಹೋಗುತ್ತದೆ. ಹಾಗಾಗಿ ಗಿಡ ಲೆಕ್ಕ ನೋಡಿಯೇ ವ್ಯವಹಾರ ಮಾಡುತ್ತದೆ. ರಂಜಕದ ಕೊರತೆ ಇದ್ದಾಗ ಬೇರು ಸ್ಟ್ರಿಗೋಲ್ಯಾಕ್ಟೋನ್ ಎಂಬ ರಾಸಾಯನಿಕವನ್ನು ಮಣ್ಣಿಗೆ ಬಿಡುತ್ತದೆ. ಅದು ತಾಗಿದ ಕೂಡಲೇ ಶಿಲೀಂಧ್ರ ಕವಲೊಡೆದು ಬೇರಿನತ್ತ ಬರುತ್ತದೆ. ಇದನ್ನು 2005ರಲ್ಲಿ ಜಪಾನಿನ ಸಂಶೋಧಕರು ತೋರಿಸಿಕೊಟ್ಟರು. ಬೇಜಾರಿನ ಸಂಗತಿ ಏನೆಂದರೆ, ಜೋಳದ ಬೇರಿಗೆ ಅಂಟಿ ಸಾರ ಹೀರುವ ಸ್ಟ್ರೈಗಾ ಕಳೆಯ ಬೀಜ ಮೊಳೆಯುವುದೂ ಇದೇ ಕರೆ ಕೇಳಿ. ಬೇರಿನ ಬಳಿ ರಂಜಕ ಧಾರಾಳವಾಗಿದ್ದರೆ ಗಿಡ ಈ ಕರೆ ಕಳಿಸುವುದನ್ನೇ ನಿಲ್ಲಿಸುತ್ತದೆ. ಶಿಲೀಂಧ್ರಕ್ಕೆ ಬಾಗಿಲು ಮುಚ್ಚಿದ ಹಾಗೆ. ಚೀಲಗಟ್ಟಲೆ ಡಿಎಪಿ ಸುರಿದು ಅದೇ ಸಾಲಿಗೆ ಮೈಕೋರೈಜಾವನ್ನೂ ಹಾಕುವುದು ಸುಮ್ನೆ ದಂಡ.

ಈಗ ಅದು ಮಾಡದ ಕೆಲಸದ ಬಗ್ಗೆ. "ಮಣ್ಣಲ್ಲಿ ಬಂಧಿಯಾದ ರಂಜಕವನ್ನು ಕರಗಿಸುತ್ತದೆ" ಎಂದು ಹಲವು ಜಾಹೀರಾತುಗಳಲ್ಲಿ ಇರುತ್ತದೆ. ವಿಕಿರಣಶೀಲ ರಂಜಕ ಬಳಸಿ ಈ ಪ್ರಶ್ನೆಯನ್ನು 1970ರ ದಶಕದಿಂದ ಪರೀಕ್ಷಿಸಿದ್ದಾರೆ. ಶಿಲೀಂಧ್ರ ಇರುವ ಗಿಡವೂ ಇಲ್ಲದ ಗಿಡವೂ ಬಹುಮಟ್ಟಿಗೆ ಒಂದೇ ದಾಸ್ತಾನಿನಿಂದ, ಅಂದರೆ ಸುಲಭವಾಗಿ ಕರಗುವ ರಂಜಕದಿಂದಲೇ ಎತ್ತುತ್ತವೆ. ಶಿಲೀಂಧ್ರದ ಗಿಡ ಹೆಚ್ಚು ದೂರದಿಂದ, ಹೆಚ್ಚು ಜಾಗದಿಂದ ಎತ್ತುತ್ತದೆ ಅಷ್ಟೇ. ಎಳೆಗಳ ಮೇಲೆ ಬದುಕುವ ಬ್ಯಾಕ್ಟೀರಿಯಾಗಳು ಸಾವಯವ ರಂಜಕವನ್ನು ಒಡೆದು ಸ್ವಲ್ಪ ನೆರವಾಗುತ್ತವೆ. ಆದರೆ ಕಬ್ಬಿಣಕ್ಕೆ ಗಟ್ಟಿಯಾಗಿ ಕಚ್ಚಿಕೊಂಡದ್ದನ್ನು ಬಿಡಿಸುವ ಶಕ್ತಿ ಶಿಲೀಂಧ್ರಕ್ಕೆ ಅಷ್ಟಾಗಿ ಇಲ್ಲ.

ಆ ಕೆಲಸಕ್ಕೆ ನಮ್ಮಲ್ಲಿ ಬೇರೊಬ್ಬ ಆಳು ಇದ್ದಾನೆ: ತೊಗರಿ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ನಡೆದ ಪ್ರಯೋಗಗಳು 1990ರಲ್ಲಿ ಪ್ರಕಟವಾದವು. ತೊಗರಿಯ ಬೇರು ಪಿಸಿಡಿಕ್ ಆಮ್ಲ ಬಿಡುತ್ತದೆ, ಅದು ಕಬ್ಬಿಣವನ್ನು ಹಿಡಿದುಕೊಂಡು ರಂಜಕವನ್ನು ಬಿಡಿಸುತ್ತದೆ ಎಂದು ಅಲ್ಲಿ ಗೊತ್ತಾಯಿತು. ಜೋಳಕ್ಕೆ ಈ ವಿದ್ಯೆ ಬರುವುದಿಲ್ಲ. ಕೆಂಪು ಮಣ್ಣಲ್ಲಿ ರಾಗಿಯ ಜೊತೆ ತೊಗರಿ ಸಾಲು ಹಾಕುವ ನಮ್ಮ ಅಕ್ಕಡಿ ಪದ್ಧತಿಗೆ ಇದು ಎಷ್ಟು ಹೊಂದುತ್ತದೆ ನೋಡಿ. ತೊಗರಿ ಬಿಡಿಸುತ್ತದೆ, ಶಿಲೀಂಧ್ರ ಹುಡುಕಿ ತರುತ್ತದೆ.

ಹಾಗಾದರೆ ಶಿಲೀಂಧ್ರ ಇಲ್ಲದಿದ್ದರೆ ಹೊಲದಲ್ಲಿ ಏನಾಗುತ್ತದೆ? ಇದಕ್ಕೆ ನನಗೆ ಗೊತ್ತಿರುವ ಅತಿ ಸ್ಪಷ್ಟ ಉದಾಹರಣೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಡಾರ್ಲಿಂಗ್ ಡೌನ್ಸ್. ಅಲ್ಲಿನದು ನಮ್ಮ ಎರೆ ಭೂಮಿಯಂಥದ್ದೇ ಕಪ್ಪು ಜೇಡಿ ಮಣ್ಣು. ಮಳೆ ಅನಿಶ್ಚಿತ. ಚಳಿಗಾಲದ ಬೆಳೆಯಿಂದ ಬೇಸಿಗೆಯ ಬೆಳೆಗೆ ಬದಲಾಗುವಾಗ ಅಲ್ಲಿನ ರೈತರು ಹೊಲವನ್ನು ವರ್ಷಕ್ಕೂ ಜಾಸ್ತಿ ಬೀಳು ಬಿಡುತ್ತಾರೆ. ಕಳೆ ಬಾರದಂತೆ ನೋಡಿಕೊಳ್ಳುತ್ತಾರೆ, ನೆಲದಲ್ಲಿ ನೀರು ಕೂಡಿಡುತ್ತಾರೆ. ಲೆಕ್ಕದ ಪ್ರಕಾರ ಆಮೇಲೆ ಬರುವ ಬೆಳೆ ಬೊಂಬಾಟ್ ಆಗಬೇಕು. ನೀರಿದೆ, ನೈಟ್ರೇಟ್ ಕೂಡಿದೆ, ಕಳೆ ಇಲ್ಲ.

ಆದದ್ದು ತದ್ವಿರುದ್ಧ. ಸೂರ್ಯಕಾಂತಿ, ಮೆಕ್ಕೆಜೋಳ, ಕಡಲೆ, ಅಗಸೆ ಮೊಳಕೆ ಒಡೆದು ಅಲ್ಲೇ ಕುಗ್ಗಿ ನಿಂತವು. ಪಕ್ಕದಲ್ಲಿ ಬಿಡುವಿಲ್ಲದೆ ಬೆಳೆ ತೆಗೆದ ಹೊಲದ ಪೈರು ಇದಕ್ಕಿಂತ ಚೆನ್ನಾಗಿತ್ತು. ದೀರ್ಘ ಬೀಳಿನ ಕಾಯಿಲೆ ಎಂದು ಅಲ್ಲಿ ಇದಕ್ಕೆ ಹೆಸರೇ ಬಿತ್ತು. ಜಾನ್ ಥಾಂಪ್ಸನ್ ಎಂಬ ವಿಜ್ಞಾನಿ ಇದರ ಜಾಡು ಹಿಡಿದು, 1987ರಲ್ಲಿ ಉತ್ತರ ಪ್ರಕಟಿಸಿದರು. ಕುಗ್ಗಿದ ಸೂರ್ಯಕಾಂತಿಯಲ್ಲಿ ರಂಜಕದ ಕೊರತೆ ಇತ್ತು, ಜೊತೆಗೆ ಸತುವಿನದೂ. ಬೀಳು ಬಿಟ್ಟ ಹೊಲದ ಬೇರುಗಳಲ್ಲಿ ಶಿಲೀಂಧ್ರ ತೀರಾ ಕಡಿಮೆಯಾಗಿತ್ತು. ರಂಜಕ ಮತ್ತು ಸತು ಹಾಕಿದರೆ ಪೈರು ಚೇತರಿಸಿಕೊಳ್ಳುತ್ತಿತ್ತು. ಬೀಳಿನ ಮಣ್ಣಿಗೆ ಶಿಲೀಂಧ್ರ ಸೇರಿಸಿದರೂ ಚೇತರಿಸಿಕೊಳ್ಳುತ್ತಿತ್ತು. ಅಂದರೆ ಮಣ್ಣು ಬಡವಾಗಿರಲಿಲ್ಲ, ತಂದುಕೊಡುವವರು ಸತ್ತುಹೋಗಿದ್ದರು.

ಯಾಕೆ ಸತ್ತವು ಎನ್ನುವುದು ಈಗ ಸುಲಭವಾಗಿ ಅರ್ಥವಾಗುತ್ತದೆ. ಜೀವಂತ ಬೇರಿಲ್ಲದೆ ಊಟವಿಲ್ಲ. ಎಳೆಗಳು ಮೊದಲು ಹೋಗುತ್ತವೆ. ಬೀಜಕಣಗಳು ಸ್ವಲ್ಪ ಕಾಲ ತಡೆಯುತ್ತವೆ, ಆದರೆ ಮಳೆ ಬಿದ್ದಾಗ ಮೊಳೆತು, ಬೇರು ಸಿಗದೆ, ಕೂಡಿಟ್ಟ ಶಕ್ತಿ ಮುಗಿಸಿಕೊಳ್ಳುತ್ತವೆ. ಹೀಗೆ ಎರಡು ಮೂರು ಸಲ ಆದರೆ ಉಳಿಯುವುದು ಕೆಲವೇ ಕೆಲವು. ಅಮೆರಿಕದಲ್ಲಿ 1993ರ ಮಹಾಪ್ರವಾಹದಲ್ಲಿ ಬಿತ್ತದೆ ಉಳಿದ ಹೊಲಗಳಲ್ಲೂ ಮರುವರ್ಷ ಮೆಕ್ಕೆಜೋಳದ ಎಲೆ ರಂಜಕ ಸಿಗದೆ ನೇರಳೆ ಬಣ್ಣಕ್ಕೆ ತಿರುಗಿತ್ತು. ಕಾರಣ ಇದೇ.

ಎಲ್ಲ ಬೆಳೆಗೂ ಒಂದೇ ಏಟು ಬೀಳುವುದಿಲ್ಲ. ಗೋಧಿ, ಬಾರ್ಲಿಯ ಬೇರು ಸಣ್ಣ, ದಟ್ಟ, ರೋಮಗಳು ಜಾಸ್ತಿ. ಅವು ಹೇಗೋ ಸುಧಾರಿಸಿಕೊಳ್ಳುತ್ತವೆ. ಈರುಳ್ಳಿಯ ಬೇರು ದಪ್ಪ, ಕವಲು ಕಡಿಮೆ, ರೋಮವೂ ಕಡಿಮೆ. ಅದು ಶಿಲೀಂಧ್ರವನ್ನೇ ನಂಬಿಕೊಂಡ ಬೆಳೆ. ಸಾಸಿವೆ, ಎಲೆಕೋಸು, ಹೂಕೋಸು, ಮೂಲಂಗಿ, ಪಾಲಕ್, ದಂಟು ಇವುಗಳ ಕಥೆ ಬೇರೆ. ಇವು ಈ ಶಿಲೀಂಧ್ರದ ಜೊತೆ ಸಂಬಂಧವನ್ನೇ ಇಟ್ಟುಕೊಂಡಿಲ್ಲ. ಹಾಗಾಗಿ ಎಲೆಕೋಸಿನ ಮೇಲೆ ಎಲೆಕೋಸು ಬೆಳೆದ ತಾಕು ಶಿಲೀಂಧ್ರದ ಕಣ್ಣಿಗೆ ಬೀಳು ನೆಲವೇ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೋಸು ತೆಗೆದ ತಾಕಿನಲ್ಲಿ ಈರುಳ್ಳಿ ಹಾಕುವವರು ಇದನ್ನು ಗಮನಿಸಬೇಕು. ಇಂಥ ಸಸ್ಯಗಳಿಗೆ ಮೈಕೋರೈಜಾ ಪುಡಿ ಮಾರುವವರೂ ಇದ್ದಾರೆ, ಅದು ಶುದ್ಧ ನಷ್ಟ.

ಈಗ ನಮ್ಮ ರಾಗಿ ಹೊಲಕ್ಕೆ ಬನ್ನಿ. ಜುಲೈ-ಆಗಸ್ಟಿನಲ್ಲಿ ಬಿತ್ತನೆ, ನವೆಂಬರ್-ಡಿಸೆಂಬರಿಗೆ ಕಟಾವು. ಬರೀ ರಾಗಿ ಬೆಳೆದರೆ ಅಲ್ಲಿಂದ ಮುಂದಿನ ಬಿತ್ತನೆಯವರೆಗೆ ಏಳೆಂಟು ತಿಂಗಳು ನೆಲದಲ್ಲಿ ಬೇರಿಲ್ಲ. ಡಾರ್ಲಿಂಗ್ ಡೌನ್ಸ್‌ನಷ್ಟು ದೀರ್ಘವಲ್ಲ ನಿಜ, ಪೂರ್ತಿ ನಾಶವಾಗುವುದಿಲ್ಲ. ಆದರೆ ಅಕ್ಕಡಿಯಲ್ಲಿ ತೊಗರಿ, ಅವರೆ ಇದ್ದರೆ ರಾಗಿ ಕೊಯ್ದ ಮೇಲೂ ಅವುಗಳ ಬೇರು ಒಂದೆರಡು ತಿಂಗಳು ಜೀವಂತ ಇರುತ್ತದೆ. ಶಿಲೀಂಧ್ರದ ಉಪವಾಸ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಮುಂಗಾರುಪೂರ್ವ ಮಳೆಗೆ ಅಲಸಂದೆ ಇಲ್ಲವೇ ಎಳ್ಳು ಹಾಕಿದರೆ ರಾಗಿ ಬರುವ ಹೊತ್ತಿಗೆ ಎಳೆಗಳು ಮತ್ತೆ ಹಬ್ಬಿರುತ್ತವೆ. ಹಸಿರೆಲೆ ಗೊಬ್ಬರಕ್ಕೆ ಸೆಣಬು ಹಾಕುವುದರ ಲಾಭವನ್ನು ನಾವು ಸಾರಜನಕದ ಲೆಕ್ಕದಲ್ಲಿ ಮಾತ್ರ ನೋಡುತ್ತೇವೆ. ಈ ಲೆಕ್ಕವೂ ಅದಕ್ಕೆ ಸೇರಬೇಕು.

ಮಾಗಿ ಉಳುಮೆಯ ಪ್ರಶ್ನೆ ಕಷ್ಟದ್ದು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗಗಳು ಒಂದು ಒಳ್ಳೆಯ ವಿಷಯ ಹೇಳುತ್ತವೆ. ಒಣ ಮಣ್ಣಿನಲ್ಲಿ ಎಳೆಗಳು ಅಲುಗಾಡದೆ ಇದ್ದರೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ, ಮಳೆ ಬಂದ ಮೇಲೆ ಹೊಸ ಬೇರಿಗೆ ಹತ್ತಿಕೊಳ್ಳುತ್ತವೆ. ಮಣ್ಣನ್ನು ಕದಡಿದರೆ ಆ ಶಕ್ತಿ ಕುಸಿಯುತ್ತದೆ. ಹಾಗೆಂದು ಮಾಗಿ ಉಳುಮೆ ಬಿಡಿ ಎಂದು ನಾನು ಹೇಳಲಾರೆ. ಮಳೆ ನೀರು ಇಂಗಬೇಕು, ಹುಳುವಿನ ಕೋಶ ಬಿಸಿಲಿಗೆ ಬೀಳಬೇಕು, ಅದೆಲ್ಲ ನಿಜವಾದ ಅಗತ್ಯಗಳು. ಆದರೆ ರೋಟವೇಟರ್ ಹಾಕಿ ಮಣ್ಣನ್ನು ಮತ್ತೆ ಮತ್ತೆ ಹಿಟ್ಟು ಮಾಡುವುದಕ್ಕೆ ಅಂಥ ಅಗತ್ಯ ಇಲ್ಲ. ಮೊದಲ ಮೂರು ವಾರ ಪುಟ್ಟ ಪೈರಿಗೆ ರಂಜಕ ಅತಿ ಮುಖ್ಯ. ಹಳೆಯ ಜಾಲ ಉಳಿದಿದ್ದರೆ ಪೈರು ಅದಕ್ಕೇ ತಗುಲಿಕೊಳ್ಳುತ್ತದೆ. ಚೂರಾಗಿದ್ದರೆ ಮೊದಲಿನಿಂದ ಕಟ್ಟಬೇಕು.

ಪ್ಯಾಕೆಟ್ ವಿಷಯ ಕೊನೆಗೆ ಇಟ್ಟುಕೊಂಡೆ, ಯಾಕೆಂದರೆ ಮೇಲಿನದೆಲ್ಲ ಗೊತ್ತಾದ ಮೇಲೇ ಅದರ ಲೆಕ್ಕ ಹಾಕಬಹುದು. ನಮ್ಮ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಮೈಕೋರೈಜಾ ಗೊಬ್ಬರದ ಒಂದು ಗ್ರಾಮಿನಲ್ಲಿ ಕನಿಷ್ಠ 100 ಜೀವಂತ ಮೂಲಗಳು ಇರಬೇಕು. ಮೂಲ ಎಂದರೆ ಬೀಜಕಣ, ಎಳೆಯ ತುಂಡು, ಶಿಲೀಂಧ್ರ ಹಿಡಿದ ಬೇರಿನ ಚೂರು, ಯಾವುದೂ ಆಗಬಹುದು. ಎಕರೆಗೆ 4 ಕೆಜಿ ಎರಚಿದಿರಿ ಎನ್ನೋಣ. ಅಲ್ಲಿಗೆ 4 ಲಕ್ಷ ಮೂಲಗಳು. ಒಂದು ಎಕರೆಯಲ್ಲಿ 15 ಸೆಂಟಿಮೀಟರ್ ಆಳದವರೆಗಿನ ಮಣ್ಣು ಸುಮಾರು 900 ಟನ್. ಭಾಗಿಸಿ ನೋಡಿ: ಎರಡು ಕೆಜಿಗೂ ಹೆಚ್ಚು ಮಣ್ಣಿಗೆ ಒಂದೇ ಒಂದು ಮೂಲ. ಸಾಧಾರಣ ಹೊಲದ ಮಣ್ಣಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ನಾಡ ಶಿಲೀಂಧ್ರ ಮೊದಲೇ ಇರುತ್ತದೆ. ಎರಚುವುದರಿಂದ ಏನೂ ಕಾಣುವುದಿಲ್ಲ ಎಂದು ರೈತರು ಹೇಳಿದರೆ ಆಶ್ಚರ್ಯ ಏನಿದೆ?

ಅದೇ ಪುಡಿಯನ್ನು ಸಸಿಮಡಿಯಲ್ಲಿ ಬಳಸಿದರೆ ಲೆಕ್ಕವೇ ಬದಲಾಗುತ್ತದೆ. ಒಂದು ಕೆಜಿ ಮಣ್ಣು ಹಿಡಿಯುವ ಪಾಲಿಥೀನ್ ಚೀಲಕ್ಕೆ 5 ಗ್ರಾಂ ಹಾಕಿದರೆ 500 ಮೂಲಗಳು, ಅದೂ ಬೇರು ಇಳಿಯುವ ಜಾಗದಲ್ಲೇ. ಟ್ರೇಗಳಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಬೆಳೆಸುವ ಮೆಣಸಿನಕಾಯಿ, ಟೊಮೆಟೊ ಸಸಿಗೆ, ಬಿಸಿಲಿಗೆ ಕಾಯಿಸಿ ಶುದ್ಧ ಮಾಡಿದ ಮಣ್ಣಲ್ಲಿ ಬೆಳೆಸುವ ನಿಂಬೆ, ಕಾಫಿ ಸಸಿಗೆ ನಾಡ ಶಿಲೀಂಧ್ರ ಸಿಗುವುದೇ ಕಷ್ಟ. ಅಮೆರಿಕದ ನಿಂಬೆ ಜಾತಿಯ ನರ್ಸರಿಗಳಲ್ಲಿ ರೋಗ ಬಾರದಿರಲೆಂದು ಮಣ್ಣಿಗೆ ವಿಷಾನಿಲ ಹಾಯಿಸಿದಾಗ ಸಸಿಗಳೇ ಕುಗ್ಗಿಹೋದವು. ಶಿಲೀಂಧ್ರ ಇಲ್ಲದ್ದೇ ಕಾರಣ ಎಂದು 1972ರಲ್ಲಿ ತೋರಿಸಲಾಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಭಾಗ್ಯರಾಜ್ ಮತ್ತು ಅವರ ಜೊತೆಗಾರರು ದಶಕಗಳ ಕಾಲ ಮಾಡಿದ ಕೆಲಸದಲ್ಲೂ ಸಸಿಮಡಿಗೆ ದೊಡ್ಡ ಜಾಗ ಇದೆ. ಯಾವ ಗಿಡಕ್ಕೆ ಯಾವ ಜಾತಿಯ ಶಿಲೀಂಧ್ರ ಹೊಂದುತ್ತದೆ ಎಂದು ಒಂದೊಂದಾಗಿ ನೋಡಿದ ಕೆಲಸ ಅದು.

ಬಯಲಿನಲ್ಲಿ ಫಲಿತಾಂಶ ಎಷ್ಟು ಏರುಪೇರು ಎನ್ನುವುದಕ್ಕೆ ಸ್ವಿಟ್ಜರ್ಲೆಂಡಿನ 54 ಮೆಕ್ಕೆಜೋಳದ ಹೊಲಗಳಲ್ಲಿ ನಡೆದ ಪ್ರಯೋಗವಿದೆ, 2023ರಲ್ಲಿ ಪ್ರಕಟವಾದದ್ದು. ಒಂದೇ ಶಿಲೀಂಧ್ರ ಹಾಕಿದರೂ ಕೆಲವು ಹೊಲದಲ್ಲಿ ಬೆಳವಣಿಗೆ 40 ಪ್ರತಿಶತ ಏರಿತು, ಕೆಲವದರಲ್ಲಿ 12 ಪ್ರತಿಶತ ಇಳಿಯಿತು. ಯಾವ ಹೊಲದಲ್ಲಿ ಲಾಭ ಎನ್ನುವುದನ್ನು ಮಣ್ಣಿನ ರಂಜಕಕ್ಕಿಂತ ಅಲ್ಲಿದ್ದ ರೋಗಕಾರಕ ಶಿಲೀಂಧ್ರಗಳ ಪ್ರಮಾಣವೇ ಚೆನ್ನಾಗಿ ಸೂಚಿಸಿತು. ಅಲ್ಲಿ ಶಿಲೀಂಧ್ರ ಗಿಡಕ್ಕೆ ಊಟ ತಂದದ್ದಕ್ಕಿಂತ ಹೆಚ್ಚಾಗಿ ಕಾವಲು ಕಾದಿತ್ತು ಎಂದು ಅನಿಸುತ್ತದೆ. ಅವು ರಂಜಕದ ಬರ ಇಲ್ಲದ ಯುರೋಪಿನ ಹೊಲಗಳು ಎಂಬುದನ್ನೂ ಮರೆಯಬಾರದು.

ಹಾಗಾಗಿ ಖರೀದಿಗೆ ಮುಂಚೆ ಬೇರು ನೋಡುವುದು ಒಳ್ಳೆಯದು. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ, ಬಣ್ಣ ಹಾಕಬೇಕು. ಬಿತ್ತಿ ನಾಲ್ಕರಿಂದ ಆರು ವಾರವಾದ ಪೈರನ್ನು ಮಣ್ಣುಸಮೇತ ಅಗೆದು, ನೀರಲ್ಲಿ ನೆನೆಸಿ, ತುದಿಯ ಸಣ್ಣ ಬೇರುಗಳನ್ನು ತೊಳೆದು ತೆಗೆಯಬೇಕು. ಅವನ್ನು 10 ಪ್ರತಿಶತದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬೇರು ಪಾರದರ್ಶಕ ಆಗುವ ತನಕ ಬಿಸಿ ಮಾಡಬೇಕು. ಇದು ಚರ್ಮ ಸುಡುವ ಕ್ಷಾರ, ಹಾಗಾಗಿ ಕಾಲೇಜಿನ ಪ್ರಯೋಗಾಲಯದಲ್ಲಿ ಕೈಗವಸು, ಕನ್ನಡಕ ಹಾಕಿಕೊಂಡೇ ಮಾಡಬೇಕಾದ ಕೆಲಸ. ಆಮೇಲೆ ಚೆನ್ನಾಗಿ ತೊಳೆದು, ವಿನಿಗರ್‌ಗೆ 5 ಪ್ರತಿಶತ ಫೌಂಟನ್ ಪೆನ್ನಿನ ಶಾಯಿ ಬೆರೆಸಿ ಅದರಲ್ಲಿ ಕೆಲವು ನಿಮಿಷ ಕುದಿಸಬೇಕು. ವಿನಿಗರ್‌ನ ಕೆಲವು ಹನಿ ಹಾಕಿದ ನೀರಲ್ಲಿ ಹೆಚ್ಚಾದ ಬಣ್ಣ ತೆಗೆಯಬೇಕು. ಎಲ್ಲ ಶಾಯಿಯೂ ಸಮನಾಗಿ ಹಿಡಿಯುವುದಿಲ್ಲ, ಒಂದೆರಡು ಪ್ರಯತ್ನಿಸಿ ನೋಡಬೇಕಾಗುತ್ತದೆ. ಈ ಶಾಯಿ-ವಿನಿಗರ್ ವಿಧಾನ 1998ರಲ್ಲಿ ಪ್ರಕಟವಾದದ್ದು, ಅಗ್ಗದ್ದು.

ಸೂಕ್ಷ್ಮದರ್ಶಕದಡಿ ಬೇರಿನ ಉದ್ದಕ್ಕೂ ಹರಿಯುವ ಬಣ್ಣದ ಎಳೆಗಳು, ಅಲ್ಲಲ್ಲಿ ಗುಂಡಗಿನ ಚೀಲಗಳು, ಕೋಶದೊಳಗೆ ಮಸುಕಾದ ಪೊದೆಯಂಥ ಅರ್ಬಸ್ಕ್ಯೂಲ್‌ಗಳು ಕಾಣಬೇಕು. ಅರ್ಬಸ್ಕ್ಯೂಲ್ ಒಂದೊಂದೂ ಬದುಕುವುದು ಕೆಲವೇ ದಿನ, ಆದ್ದರಿಂದ ಅವು ಕಂಡರೆ ಸದ್ಯ ವ್ಯವಹಾರ ನಡೆಯುತ್ತಿದೆ ಎಂದೇ ಅರ್ಥ. ಒಂದು ಸೆಂಟಿಮೀಟರಿನ ನೂರು ಬೇರು ತುಂಡು ನೋಡಿ, ಎಷ್ಟರಲ್ಲಿ ಶಿಲೀಂಧ್ರ ಇದೆ ಎಂದು ಎಣಿಸಿದರೆ ಹೊಲದ ಸ್ಥಿತಿಯ ಅಂದಾಜು ಸಿಗುತ್ತದೆ. ಅರ್ಧಕ್ಕಿಂತ ಹೆಚ್ಚು ತುಂಡುಗಳಲ್ಲಿ ಇದ್ದರೆ ಪುಡಿ ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಹತ್ತರಷ್ಟೂ ಇಲ್ಲದಿದ್ದರೆ ಮೊದಲು ಕಾರಣ ಹುಡುಕಬೇಕು: ಹಿಂದಿನ ಬೆಳೆ ಕೋಸೇ, ಬೀಳು ಬಿಟ್ಟಿತ್ತೇ, ಮಣ್ಣಿನ ಪರೀಕ್ಷೆಯಲ್ಲಿ ರಂಜಕ "ಅಧಿಕ" ಎಂದು ಬಂದಿದೆಯೇ?

ಅಧಿಕ ಎಂದು ಬಂದವರು ಒಂದೆರಡು ವರ್ಷ ಡಿಎಪಿ ಕಡಿಮೆ ಮಾಡಿ, ಶಿಲೀಂಧ್ರದ ಮೂಲಕ ಹಳೆಯ ದಾಸ್ತಾನು ಬಳಸಿಕೊಳ್ಳಬಹುದು. ಕಡಿಮೆ ಎಂದು ಬಂದವರಿಗೆ ಈ ದಾರಿ ಇಲ್ಲ. ಎಕರೆಗೆ ಹತ್ತು ಕ್ವಿಂಟಾಲ್ ರಾಗಿ ತೆಗೆದರೆ ಕಾಳಿನ ಜೊತೆಗೇ ಎರಡು ಮೂರು ಕೆಜಿ ರಂಜಕ ಹೊಲ ಬಿಟ್ಟು ಹೋಗುತ್ತದೆ, ಹುಲ್ಲಿನ ಜೊತೆ ಇನ್ನಷ್ಟು. ಶಿಲೀಂಧ್ರ ಅದನ್ನು ಸೃಷ್ಟಿಸುವುದಿಲ್ಲ. ಕೊಟ್ಟಿಗೆ ಗೊಬ್ಬರದ ರೂಪದಲ್ಲೋ, ಬಿತ್ತುವಾಗ ಸಾಲಿನಲ್ಲಿ ಹಾಕುವ ಸ್ವಲ್ಪ ಸೂಪರ್ ಫಾಸ್ಫೇಟ್ ರೂಪದಲ್ಲೋ ಅಷ್ಟನ್ನು ಹೊಲಕ್ಕೆ ವಾಪಸ್ ಕೊಡಲೇಬೇಕು.